ನಿವೃತ್ತರಿಗೆ ಒಂದು ಕಸುಬು: ತರಕಾರಿ ಸಸಿಗಳ ಚಿಕ್ಕ ನರ್ಸರಿ

(ನಿವೃತ್ತ ನೌಕರರು ಹಾಗೂ ಹಿರಿಯ ರೈತರ ತರಬೇತಿ ಶಿಬಿರದಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರು ಮಾಡಿದ ಭಾಷಣ)



ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಊರಿಗೆ ಮರಳಿ ಏನಾದರೊಂದು ಕಸುಬು ಮಾಡಬೇಕೆಂಬ ಆಸೆ ಅನೇಕರಲ್ಲಿ ಇರುತ್ತದೆ. ಕೋಳಿ ಸಾಕಣೆ, ಹೈನು, ಅಣಬೆ, ಎರೆಗೊಬ್ಬರ, ಜೇನು ಹೀಗೆ ಪಟ್ಟಿ ದೊಡ್ಡದಿದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹೇಳಿದರೆ ಯಾವುದೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಆದುದರಿಂದ ಇಂದು ಒಂದೇ ಒಂದು ಕಸುಬನ್ನು ತೆಗೆದುಕೊಳ್ಳುತ್ತೇನೆ. ಅದು ತರಕಾರಿ ಸಸಿಗಳನ್ನು ಬೆಳೆಸಿಕೊಡುವ ಚಿಕ್ಕ ನರ್ಸರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಟೊಮ್ಯಾಟೊ ಬೆಳೆಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಹೇಳುತ್ತಿದ್ದೇನೆ. ತರಕಾರಿ ಬೆಳೆಯುವ ಬೇರೆ ಪ್ರದೇಶಗಳಿಗೂ ಇವು ಬಹುಮಟ್ಟಿಗೆ ಅನ್ವಯಿಸುತ್ತವೆ.

ಹಿಂದೆ ರೈತರು ಹೊಲದ ಮೂಲೆಯಲ್ಲಿ ಒಟ್ಟಲು ಪಾತಿ ಮಾಡಿ ಬೀಜ ಚೆಲ್ಲಿ ಸಸಿ ಮಾಡಿಕೊಳ್ಳುತ್ತಿದ್ದರು. ನಾಟಿ ತಳಿಯ ಬೀಜ ಮನೆಯಲ್ಲೇ ಇರುತ್ತಿತ್ತು, ಅರ್ಧ ಹಾಳಾದರೂ ಚಿಂತೆಯಿರಲಿಲ್ಲ. ಈಗ ಹೈಬ್ರಿಡ್ ಬೀಜ ದುಬಾರಿ. ಒಂದೊಂದು ಬೀಜಕ್ಕೂ ಬೆಲೆ ಕಟ್ಟಬೇಕಾಗಿದೆ. ಪಾತಿಯಿಂದ ಕಿತ್ತ ಸಸಿಯ ಬೇರು ಹರಿಯುತ್ತದೆ, ನಾಟಿಯಾದ ಮೇಲೆ ಕೆಲವು ದಿನ ಸೊರಗಿ ನಿಲ್ಲುತ್ತದೆ. ಗುಳಿಗಳುಳ್ಳ ಪ್ಲಾಸ್ಟಿಕ್ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಗುಳಿಗೊಂದು ಬೀಜ ಹಾಕಿದರೆ, ಸಸಿ ತನ್ನ ಬೇರಿನ ಗಡ್ಡೆಯ ಸಮೇತ ಹೊಲಕ್ಕೆ ಹೋಗುತ್ತದೆ. ಟ್ರೇ ಸಸಿಗೆ ಬೇಡಿಕೆ ಬಂದಿರುವುದು ಈ ಕಾರಣದಿಂದ. ಈ ಭಾಗದಲ್ಲಿ ಲಕ್ಷಗಟ್ಟಲೆ ಸಸಿ ಬೆಳೆಸುವ ದೊಡ್ಡ ನರ್ಸರಿಗಳು ಈಗಾಗಲೇ ಇವೆ. ಅವುಗಳ ಜೊತೆ ಸ್ಪರ್ಧೆಗೆ ಇಳಿಯಿರಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಊರಿನ ಮತ್ತು ಸುತ್ತಲ ಎರಡು ಮೂರು ಹಳ್ಳಿಗಳ ಸುಮಾರು ಇಪ್ಪತ್ತು ರೈತರಿಗೆ, ಅವರು ಕೇಳಿದ ದಿನಕ್ಕೆ, ಅವರದೇ ಬೀಜದಿಂದ ಸಸಿ ಮಾಡಿಕೊಡುವ ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ.

ಸಸಿ ಎಂಬುದು ಹಾಲಿನಂಥ ಸರಕು

ಈ ಕಸುಬಿನ ಗುಟ್ಟೆಲ್ಲ ಒಂದೇ ಮಾತಿನಲ್ಲಿದೆ. ಸಸಿ ಹಾಲಿನಂಥ ಸರಕು, ಕಾಲ ಮೀರಿದರೆ ಕೆಡುತ್ತದೆ. ಟೊಮ್ಯಾಟೊ ಸಸಿ ಬಿತ್ತಿದ 22ರಿಂದ 25 ದಿನಕ್ಕೆ ನಾಟಿಗೆ ಸಿದ್ಧವಾಗುತ್ತದೆ. ಎಲೆಕೋಸು, ಹೂಕೋಸಿಗೂ ಹೆಚ್ಚು ಕಡಿಮೆ ಅಷ್ಟೇ ದಿನ ಬೇಕು. ಬದನೆ ಮತ್ತು ಮೆಣಸಿನಕಾಯಿಗೆ 35ರಿಂದ 40 ದಿನ ಹಿಡಿಯುತ್ತದೆ. ಸಿದ್ಧವಾದ ಟೊಮ್ಯಾಟೊ ಸಸಿಯನ್ನು ಒಂದು ವಾರ ಹೇಗೋ ಕಾಯಿಸಬಹುದು. ಅದಕ್ಕಿಂತ ಹೆಚ್ಚು ದಿನ ಟ್ರೇಯಲ್ಲೇ ಉಳಿದರೆ ಬೇರು ಗುಳಿಯೊಳಗೆ ಸುತ್ತಿಕೊಳ್ಳುತ್ತದೆ, ಕಾಂಡ ಗಟ್ಟಿಯಾಗಿ ಉದ್ದವಾಗುತ್ತದೆ, ಕೆಳಗಿನ ಎಲೆ ಹಳದಿಯಾಗುತ್ತದೆ. ಅಂಥ ಸಸಿ ಹೊಲದಲ್ಲಿ ಬೇಗ ಚೇತರಿಸಿಕೊಳ್ಳುವುದಿಲ್ಲ. ತಿಳಿದ ರೈತ ಅದನ್ನು ಕೊಳ್ಳುವುದಿಲ್ಲ, ತಿಳಿಯದವನಿಗೆ ಮಾರಿದರೆ ನಿಮ್ಮ ಹೆಸರು ಕೆಡುತ್ತದೆ.

ಹಾಗಾಗಿ ಈ ಕೆಲಸದಲ್ಲಿ ಸಸಿ ಬೆಳೆಸುವುದು ಅರ್ಧ ಭಾಗ. ಯಾರಿಗೆ, ಯಾವ ದಿನ, ಎಷ್ಟು ಬೇಕು ಎಂಬುದನ್ನು ಮೊದಲೇ ತಿಳಿದು ಬಿತ್ತುವುದು ಇನ್ನರ್ಧ. ನಿಮ್ಮ ಜೀವಮಾನದ ಅನುಭವ ಉಪಯೋಗಕ್ಕೆ ಬರುವುದು ಈ ಎರಡನೆಯ ಭಾಗದಲ್ಲಿ. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಮೇಷ್ಟ್ರಿಗೆ, ಸಹಕಾರ ಸಂಘದ ಖಾತೆ ನೋಡಿಕೊಂಡ ಕಾರ್ಯದರ್ಶಿಗೆ, ಯಾರ ಕೊಳವೆಬಾವಿಯಲ್ಲಿ ನೀರಿದೆ, ಯಾರದು ಬೇಸಿಗೆಗೆ ನಿಲ್ಲುತ್ತದೆ ಎಂದು ಬಲ್ಲ ಗ್ರಾಮಲೆಕ್ಕಿಗರಿಗೆ ಇದು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಬಿತ್ತನೆ, ನೀರು, ರೋಗ ಇವುಗಳನ್ನು ಒಂದು ಹಂಗಾಮಿನಲ್ಲಿ ಕಲಿಯಬಹುದು. ಮಾತಿಗೆ ನಿಲ್ಲುವ ರೈತ ಯಾರು, ಸಾಲಕ್ಕೆ ಕೊಂಡು ತಿರುಗಿಸುವವನು ಯಾರು ಎಂಬುದನ್ನು ಒಂದು ಹಂಗಾಮಿನಲ್ಲಿ ಕಲಿಯಲಾಗದು.

ಮೊದಲು ಪುಸ್ತಕ, ಆಮೇಲೆ ಟ್ರೇ

ಒಂದು ಉದ್ದನೆಯ ಪುಸ್ತಕ ತೆಗೆದುಕೊಳ್ಳಿ. ರೈತನ ಹೆಸರು, ಊರು, ಬೆಳೆ, ತಳಿ, ಬೀಜದ ಪೊಟ್ಟಣದ ಮೇಲಿನ ಲಾಟ್ ಸಂಖ್ಯೆ, ಬೇಕಾದ ಸಸಿಗಳ ಸಂಖ್ಯೆ, ನಾಟಿಯ ದಿನ, ಬಿತ್ತಬೇಕಾದ ದಿನ, ಮುಂಗಡ, ಸಸಿ ಒಯ್ದ ದಿನ ಇಷ್ಟಕ್ಕೂ ಒಂದೊಂದು ಅಂಕಣ ಹಾಕಿ. ಲೆಕ್ಕವನ್ನು ನಾಟಿಯ ದಿನದಿಂದ ಹಿಂದಕ್ಕೆ ಮಾಡಬೇಕು. ರೈತ ಜೂನ್ 10ರಂದು ಟೊಮ್ಯಾಟೊ ನಾಟಿ ಮಾಡುವುದಾದರೆ ನೀವು ಬಿತ್ತಬೇಕಾದ್ದು ಮೇ 16ರಂದು. ಬೀಜ ಮತ್ತು ಮುಂಗಡ ಮೇ 10ರೊಳಗೆ ನಿಮ್ಮ ಕೈಸೇರಿರಬೇಕು. ಮೇ 16ಕ್ಕೆ ಮೊದಲು ಒಮ್ಮೆ ಅವನ ಹೊಲದ ಕಡೆಗೆ ನಡೆದು ಹೋಗಿ ಬನ್ನಿ. ಉಳುಮೆಯೇ ಆಗಿಲ್ಲದಿದ್ದರೆ ಜೂನ್ 10ಕ್ಕೆ ನಾಟಿ ಆಗುವುದಿಲ್ಲವೆಂದು ನಿಮಗೇ ತಿಳಿಯುತ್ತದೆ. ಬಿತ್ತನೆಯನ್ನು ಒಂದು ವಾರ ಮುಂದಕ್ಕೆ ಹಾಕಿ, ಪುಸ್ತಕದಲ್ಲಿ ತಿದ್ದಿಕೊಳ್ಳಿ. ಹೀಗೆ ಒಂದು ಸುತ್ತು ನಡೆದು ಬಂದರೆ ಎಷ್ಟೋ ಟ್ರೇಗಳು ಉಳಿಯುತ್ತವೆ.

ಎಕರೆಗೆ ಎಷ್ಟು ಸಸಿ ಬೇಕೆಂಬುದನ್ನು ಅಂದಾಜಿನಲ್ಲಿ ಹೇಳಬಾರದು. ಸಾಲಿನಿಂದ ಸಾಲಿಗೆ 4 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಎಂದರೆ ಒಂದು ಗಿಡಕ್ಕೆ 6 ಚದರ ಅಡಿ. ಒಂದು ಎಕರೆಗೆ 43,560 ಚದರ ಅಡಿ. ಭಾಗಿಸಿದರೆ 7,260 ಗಿಡ. ಸತ್ತ ಜಾಗಕ್ಕೆ ಮತ್ತೆ ನಾಟಲು ನೂರಕ್ಕೆ ಹತ್ತರಂತೆ ಸೇರಿಸಿದರೆ ಸುಮಾರು 8,000 ಸಸಿ. ರೈತನ ಎದುರಿಗೇ ಈ ಲೆಕ್ಕ ಮಾಡಿ ತೋರಿಸಿದರೆ ಅವನಿಗೂ ನಂಬಿಕೆ ಬರುತ್ತದೆ, ಬೀಜದ ಖರ್ಚೂ ಮಿತಿಯಲ್ಲಿರುತ್ತದೆ.

ಮನೆ, ಟ್ರೇ, ಪುಡಿ

ಮನೆಯ ಹಿತ್ತಿಲಲ್ಲಿ ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ 20 ಅಡಿ ಅಗಲ, 30 ಅಡಿ ಉದ್ದದ ಜಾಗ ಸಾಕು. ಸಾಮಾನ್ಯವಾಗಿ ಬಳಸುವ ಟ್ರೇಯಲ್ಲಿ 98 ಗುಳಿಗಳಿರುತ್ತವೆ. ಇಂಥ 200 ಟ್ರೇ ಇಟ್ಟು ಓಡಾಡಲು ದಾರಿ ಬಿಡಲು ಈ ಜಾಗ ಸಾಲುತ್ತದೆ. ಕಲ್ಲುಕಂಬ ಅಥವಾ ಕಬ್ಬಿಣದ ಕೊಳವೆ ನೆಟ್ಟು, ಮೇಲೆ ಬಿಸಿಲು ತಾಳುವ 200 ಮೈಕ್ರಾನ್ ಪಾರದರ್ಶಕ ಹಾಳೆ ಹೊದಿಸಬೇಕು. ಅದರ ಕೆಳಗೆ ಬೇಕಾದಾಗ ಎಳೆಯಲು, ಬೇಡವಾದಾಗ ಸರಿಸಲು ಬರುವಂತೆ ನೂರಕ್ಕೆ 50ರಷ್ಟು ನೆರಳು ಕೊಡುವ ಪರದೆ ಕಟ್ಟಬೇಕು. ಬರಿಯ ನೆರಳುಪರದೆಯೊಂದನ್ನೇ ಮೇಲೆ ಹಾಕಿದರೆ ಮಳೆ ನೇರವಾಗಿ ಟ್ರೇಗೆ ಬಡಿದು ಬೀಜ ಎದ್ದು ಹೋಗುತ್ತದೆ.

ಸುತ್ತಲೂ 50 ಮೆಷ್‌ನ ಸಣ್ಣ ಕಣ್ಣಿನ ಕೀಟರೋಧಕ ಬಲೆ ಕಟ್ಟುವುದು ಮುಖ್ಯ. ಟೊಮ್ಯಾಟೊ ಎಲೆಮುದುರು ರೋಗವನ್ನು ಹರಡುವುದು ಬಿಳಿನೊಣ. ಸಸಿಯಾಗಿದ್ದಾಗಲೇ ಈ ರೋಗ ತಗುಲಿದರೆ ಆ ಗಿಡದಿಂದ ಫಸಲು ಬಹುಮಟ್ಟಿಗೆ ಇಲ್ಲವೆಂದೇ ತಿಳಿಯಬೇಕು. ರೋಗ ಕಾಣಿಸಿಕೊಳ್ಳುವುದು ಮಾತ್ರ ಹೊಲಕ್ಕೆ ಹೋದ ಮೇಲೆ. ಆಗ ರೈತ ದೂರುವುದು ನರ್ಸರಿಯನ್ನು. ಬಾಗಿಲು ಎರಡಿರಲಿ. ಒಂದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯುವ ಅಭ್ಯಾಸ ಮಾಡಿಕೊಳ್ಳಿ. ಟ್ರೇಗಳನ್ನು ನೆಲದ ಮೇಲಿಡದೆ ಸೊಂಟದೆತ್ತರದ ಅಟ್ಟಣೆಯ ಮೇಲಿಟ್ಟರೆ ಬೇರು ನೆಲಕ್ಕಿಳಿಯುವುದಿಲ್ಲ, ನೆಲದ ರೋಗ ತಗುಲುವುದಿಲ್ಲ, ನಿಮಗೆ ಬಗ್ಗುವ ಶ್ರಮವೂ ತಪ್ಪುತ್ತದೆ. ಅರವತ್ತು ದಾಟಿದ ಬೆನ್ನಿಗೆ ಇದು ಸಣ್ಣ ಸಂಗತಿಯಲ್ಲ.

ಗುಳಿಗೆ ತುಂಬುವುದು ಕೋಕೋಪೀಟ್ ಎಂದು ಕರೆಯುವ ತೆಂಗಿನ ನಾರಿನ ಪುಡಿ. ಇದು 5 ಕಿಲೋ ತೂಕದ ಇಟ್ಟಿಗೆಗಳಾಗಿ ಸಿಗುತ್ತದೆ. ನೀರಿನಲ್ಲಿ ನೆನೆಸಿದರೆ ಉಬ್ಬಿ ಸುಮಾರು 60 ಲೀಟರಿಗೂ ಮೀರಿ ಆಗುತ್ತದೆ, ಒಂದು ಇಟ್ಟಿಗೆಯಿಂದ 25 ಟ್ರೇ ತುಂಬಬಹುದು. ಕೊಳ್ಳುವಾಗ ಅಗ್ಗದ್ದನ್ನು ಹುಡುಕಬೇಡಿ. ತೊಳೆಯದ, ಕಳಿಯದ ಪುಡಿಯಲ್ಲಿ ಉಪ್ಪಿನಂಶ ಹೆಚ್ಚಿರುತ್ತದೆ. ಹಾಗಿದ್ದರೆ ಮೊಳಕೆ ಕುಂಟುತ್ತದೆ, ಎಲೆಯಂಚು ಕಂದಾಗಿ ಸುಡುತ್ತದೆ. ಹೊಸ ಸರಕು ಬಂದಾಗ ಒಂದು ಟ್ರೇಯಲ್ಲಿ ಮಾತ್ರ ತುಂಬಿ, ಅಗ್ಗದ ಬೀಜ ಬಿತ್ತಿ ಹತ್ತು ದಿನ ನೋಡಿ. ಮಣ್ಣು ಪರೀಕ್ಷಾ ಕೇಂದ್ರಕ್ಕೆ ಒಂದು ಹಿಡಿ ಪುಡಿ ಕೊಟ್ಟು ಲವಣಾಂಶ ನೋಡಿಸಿಕೊಂಡರೆ ಇನ್ನೂ ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ನಾರಿನ ಪುಡಿಯನ್ನು ಹುದುಗಿಸಿ ಹದಗೊಳಿಸುವ ವಿಧಾನವನ್ನು ರೂಪಿಸಿದೆ. ಅಂಥ ಹದಗೊಳಿಸಿದ ಪುಡಿ ದೊರೆತರೆ ಅದನ್ನೇ ಬಳಸಿ.

ಬಿತ್ತನೆಯಿಂದ ವಿಲೇವಾರಿಯವರೆಗೆ

ನೆನೆದ ಪುಡಿಯ ಹದವನ್ನು ಕೈಯಿಂದಲೇ ತಿಳಿಯಬೇಕು. ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಿಂದ ಎರಡು ಮೂರು ಹನಿ ಬೀಳಬೇಕು, ಧಾರೆ ಹರಿಯಬಾರದು. ಈ ಹದದಲ್ಲಿ ಗುಳಿಗಳನ್ನು ಸಡಿಲವಾಗಿ ತುಂಬಿ, ಬೆರಳ ತುದಿಯಿಂದ ಅರ್ಧ ಸೆಂಟಿಮೀಟರ್ ತಗ್ಗು ಮಾಡಿ ಗುಳಿಗೊಂದೇ ಬೀಜ ಹಾಕಿ ಮೇಲೆ ಪುಡಿ ಉದುರಿಸಿ. ಪುಡಿ ಹದವಾಗಿದ್ದರೆ ಆಗ ನೀರು ಹಾಕಬೇಕಾಗಿಲ್ಲ. ಟ್ರೇಗಳನ್ನು ಹತ್ತರಂತೆ ಒಂದರ ಮೇಲೊಂದು ಪೇರಿಸಿ, ಮೇಲ್ಭಾಗದಲ್ಲಿ ಒಂದು ಖಾಲಿ ಟ್ರೇ ಇಟ್ಟು, ನೆರಳಿನಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿ ಇಡಬೇಕು. ಒಳಗೆ ಬೆಚ್ಚಗೂ ತೇವವಾಗಿಯೂ ಇರುವುದರಿಂದ ಮೊಳಕೆ ಒಂದೇ ಸಮನಾಗಿ ಬರುತ್ತದೆ.

ಇನ್ನು ಮುಂದಿನ ಮೂರು ದಿನ ಬಹಳ ಎಚ್ಚರದ ದಿನಗಳು. ಟೊಮ್ಯಾಟೊ ಮೊಳಕೆ ಹವಾಮಾನವನ್ನು ನೋಡಿಕೊಂಡು 3ರಿಂದ 6 ದಿನದಲ್ಲಿ ಕಾಣಿಸುತ್ತದೆ. ಮೂರನೆಯ ದಿನದಿಂದ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಳೆ ಬಿಚ್ಚಿ ನಡುವಿನ ಟ್ರೇಯನ್ನು ನೋಡಬೇಕು. ಅಲ್ಲೊಂದು ಇಲ್ಲೊಂದು ಮೊಳಕೆ ಬಾಗಿದ ಕುತ್ತಿಗೆ ಎತ್ತುತ್ತಿದ್ದಂತೆಯೇ ಪೇರಿಕೆ ಬಿಚ್ಚಿ ಟ್ರೇಗಳನ್ನು ಬೆಳಕಿಗೆ ಹರಡಬೇಕು. ಎಲ್ಲವೂ ಬರಲಿ ಎಂದು ಒಂದು ದಿನ ತಡ ಮಾಡಿದರೆ ಮೊಳಕೆ ಕತ್ತಲಲ್ಲಿ ಬೆಳ್ಳಗೆ ನೂಲಿನಂತೆ ಉದ್ದವಾಗಿ, ಬೆಳಕಿಗೆ ಬಂದೊಡನೆ ಅಡ್ಡ ಬೀಳುತ್ತದೆ. ಅದನ್ನು ಸರಿಪಡಿಸುವ ಔಷಧಿ ಯಾವುದೂ ಇಲ್ಲ. ಬಿತ್ತಿದ ವಾರದಲ್ಲಿ ಮದುವೆ, ತಿಥಿ, ಊರ ಹಬ್ಬಕ್ಕೆಂದು ಮನೆ ಬಿಡುವುದಾದರೆ ಜವಾಬ್ದಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸಿಯೇ ಹೋಗಬೇಕು. ಗಂಡ ಹೆಂಡತಿ ಇಬ್ಬರೂ ಕಲಿತಿದ್ದರೆ, ಅಥವಾ ನೆರೆಮನೆಯ ಇನ್ನೊಬ್ಬ ನಿವೃತ್ತರು ಜೊತೆಗಿದ್ದರೆ ಈ ಕಸುಬು ನಡೆಯುತ್ತದೆ. ಒಬ್ಬರೇ ಇದ್ದು ಆಗಾಗ ಮಕ್ಕಳ ಮನೆಗೆ ಹೋಗಿ ಬರುವವರಿಗೆ ಇದು ಒಗ್ಗುವುದಿಲ್ಲ.

ಮೊಳಕೆ ಬಂದ ಮೇಲೆ ನೀರನ್ನು ಬೆಳಿಗ್ಗೆ ಸಣ್ಣ ಹೂಜಾಲರಿಯಿಂದ ಹಾಕಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಇನ್ನೊಮ್ಮೆ ಬೇಕಾಗಬಹುದು. ಸಂಜೆಗೆ ಎಲೆ ಒಣಗಿರಬೇಕು. ಸಂಜೆ ನೀರು ಹಾಕಿ ರಾತ್ರಿಯಿಡೀ ಎಲೆ ಮತ್ತು ಪುಡಿ ತೊಯ್ದಿದ್ದರೆ ಸಸಿ ಸಾಯುವ ರೋಗಕ್ಕೆ ನೀವೇ ಹಾಸಿಗೆ ಹಾಸಿಕೊಟ್ಟಂತೆ. ಅಂಚಿನ ಗುಳಿಗಳು ಬೇಗ ಒಣಗುವುದರಿಂದ ಅವಕ್ಕೆ ಒಂದು ಸುತ್ತು ಹೆಚ್ಚು ನೀರು ಬೇಕು. ನಾರಿನ ಪುಡಿಯಲ್ಲಿ ಪೋಷಕಾಂಶ ಇಲ್ಲವೆಂದೇ ಹೇಳಬಹುದು. ಬಿತ್ತಿದ 12ನೇ ಮತ್ತು 20ನೇ ದಿನ, ಪೂರ್ತಿಯಾಗಿ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ 3 ಗ್ರಾಂನಂತೆ ಕರಗಿಸಿ ಹಾಕಿದರೆ ಟೊಮ್ಯಾಟೊಗೆ ಸಾಕು. ಇನ್ನೂ ಹಸಿರಾಗಲಿ ಎಂದು ಗೊಬ್ಬರ ಹೆಚ್ಚಿಸಬಾರದು. ನೋಡಲು ಚೆನ್ನಾಗಿರುವ ಮೆತ್ತನೆಯ ಸಸಿ ಹೊಲದ ಬಿಸಿಲಿಗೆ ನಿಲ್ಲುವುದಿಲ್ಲ.

ಕೊನೆಯ ನಾಲ್ಕೈದು ದಿನ ಸಸಿಯನ್ನು ಪಳಗಿಸಬೇಕು. ನೆರಳುಪರದೆ ಸರಿಸಿ ಪೂರ್ತಿ ಬೆಳಕು ಬೀಳುವಂತೆ ಮಾಡಿ, ನೀರನ್ನು ಬಾಡದಷ್ಟು ಮಾತ್ರ ಕಡಿಮೆ ಮಾಡಿ. ಸಸಿ ಸಿದ್ಧವಾಯಿತೆಂದು ತಿಳಿಯುವುದು ಸುಲಭ. ಗುಳಿಯ ತಳವನ್ನು ಮೆಲ್ಲನೆ ಒತ್ತಿ, ಬುಡ ಹಿಡಿದು ಎತ್ತಿದರೆ ಪುಡಿ ಉದುರದೆ ಗಡ್ಡೆ ಇಡಿಯಾಗಿ ಬರಬೇಕು, ಸುತ್ತಲೂ ಬಿಳಿಯ ಬೇರು ಕಾಣಬೇಕು. ಪುಡಿ ಉದುರಿದರೆ ಇನ್ನೂ ಎಳೆಯದು. ಬೇರು ಕಂದಾಗಿ ದಟ್ಟವಾಗಿ ಸುತ್ತಿಕೊಂಡಿದ್ದರೆ ಕಾಲ ಮೀರಿದೆ.

ಕೆಟ್ಟಾಗ ಕಾರಣ ಹುಡುಕುವುದು

ಕೆಲವು ಟ್ರೇಗಳಲ್ಲಿ ಮೊಳಕೆ ಸರಿಯಾಗಿ ಬರದಿದ್ದರೆ ತಪ್ಪು ಬೀಜದ್ದೋ ನರ್ಸರಿಯದ್ದೋ ಎಂಬ ಜಗಳ ಏಳುತ್ತದೆ. ಇದನ್ನು ಮೊದಲೇ ತಪ್ಪಿಸಲು ಒಂದು ದಾರಿಯಿದೆ. ಒಂದೇ ದಿನ ಇಬ್ಬರು ರೈತರ ಬೀಜವನ್ನು ಒಂದೇ ಪುಡಿಯಲ್ಲಿ ಬಿತ್ತಿ. ಒಬ್ಬನದು ಚೆನ್ನಾಗಿ ಬಂದು ಇನ್ನೊಬ್ಬನದು ಬರದಿದ್ದರೆ ಅನುಮಾನ ಬೀಜದ ಮೇಲೆ ಬೀಳುತ್ತದೆ. ಇಬ್ಬರದೂ ಬರದಿದ್ದರೆ ಪುಡಿಯ ಉಪ್ಪು, ಅತಿ ನೀರು ಇಲ್ಲವೇ ಪೇರಿಕೆಯೊಳಗಿನ ಅತಿ ಬಿಸಿಯನ್ನು ನೋಡಬೇಕು. ಟೊಮ್ಯಾಟೊ ಬೀಜದ ಕನಿಷ್ಠ ಮೊಳಕೆ ಪ್ರಮಾಣ ನೂರಕ್ಕೆ 70 ಇರಬೇಕೆಂಬ ನಿಯಮವಿದೆ. ಬೀಜದ ಖಾಲಿ ಪೊಟ್ಟಣ ಮತ್ತು ರಸೀತಿ ಇದ್ದರೆ ಮಾತ್ರ ರೈತ ಅಂಗಡಿಯವರನ್ನು ಕೇಳಬಹುದು. ಆದುದರಿಂದ ಖಾಲಿ ಪೊಟ್ಟಣವನ್ನು ಎಸೆಯದೆ ಆ ರೈತನ ಹೆಸರು ಬರೆದು ಸಸಿ ಒಯ್ಯುವವರೆಗೆ ಇಟ್ಟುಕೊಳ್ಳಿ. ಬೀಜವನ್ನು ರೈತನ ಎದುರಿಗೇ ತೂಗಿ ಅಥವಾ ಎಣಿಸಿ ಪಡೆಯಿರಿ. ಹಣವನ್ನು ಬಿತ್ತಿದ ಬೀಜಕ್ಕಲ್ಲ, ಒಯ್ದ ಸಸಿಯ ಲೆಕ್ಕಕ್ಕೆ ತೆಗೆದುಕೊಳ್ಳುವುದಾಗಿ ಮೊದಲೇ ಹೇಳಿ.

ಬಂದ ಮೊಳಕೆ ಟ್ರೇಯಲ್ಲಿ ಅಲ್ಲಲ್ಲಿ ಗುಂಪು ಗುಂಪಾಗಿ, ನೆಲಮಟ್ಟದಲ್ಲಿ ಕಾಂಡ ನೀರು ಹೀರಿ ತೆಳ್ಳಗಾಗಿ ಅಡ್ಡ ಬಿದ್ದರೆ ಅದು ಶಿಲೀಂಧ್ರದಿಂದ ಬರುವ ಸಸಿ ಕೊಳೆ. ಮೊದಲು ಮಾಡಬೇಕಾದ ಕೆಲಸ ನೀರು ತಗ್ಗಿಸಿ ಗಾಳಿಯಾಡುವಂತೆ ಮಾಡುವುದು. ಬಿದ್ದ ಭಾಗವನ್ನು ಕಿತ್ತು ಹೊರಗೆ ಹಾಕಿ, ಉಳಿದ ಟ್ರೇಗಳಿಗೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಬುಡ ತೊಯ್ಯುವಂತೆ ಹಾಕಬೇಕು. ಪುಡಿಗೆ ಮೊದಲೇ ಟ್ರೈಕೋಡರ್ಮ ಬೆರೆಸಿಕೊಂಡರೆ ಈ ತೊಂದರೆ ಕಡಿಮೆಯಾಗುತ್ತದೆ. ಒಮ್ಮೆ ಬಳಸಿದ ಟ್ರೇಗಳನ್ನು ಚೆನ್ನಾಗಿ ತೊಳೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ಒಣಗಿಸದೆ ಮತ್ತೆ ತುಂಬಬಾರದು.

ಇನ್ನೊಂದು ಮಾತನ್ನು ಹಿರಿಯರಲ್ಲಿ ಸಂಕೋಚದಿಂದಲೇ ಹೇಳಬೇಕಾಗಿದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಮುಟ್ಟಿದ ಕೈಯಿಂದ ಟೊಮ್ಯಾಟೊ, ಮೆಣಸಿನ ಸಸಿ ಮುಟ್ಟಬಾರದು. ತಂಬಾಕಿನ ಮೊಸಾಯಿಕ್ ನಂಜು ರೋಗ ಹೀಗೆ ಕೈಯಿಂದಲೇ ಸಸಿಗೆ ಹರಡುತ್ತದೆ. ಬಾಗಿಲ ಬಳಿ ಸೋಪು ಮತ್ತು ನೀರಿನ ಬಕೀಟು ಇಡಿ. ಒಳಗೆ ಬರುವವರು, ಸಸಿ ನೋಡಲು ಬಂದ ರೈತರೂ ಸೇರಿ, ಕೈ ತೊಳೆದೇ ಬರಲಿ.

ಹಣದ ಲೆಕ್ಕ

ಈಗ ಒಂದು ಲೆಕ್ಕ ಹಾಕೋಣ. ನಿಮ್ಮಲ್ಲೊಬ್ಬರು ನಿವೃತ್ತ ಮೇಷ್ಟ್ರು, ಹಿತ್ತಿಲಲ್ಲಿ ಮೇಲೆ ಹೇಳಿದಷ್ಟು ಜಾಗ, ಮನೆಯ ನೀರು ಇದೆ ಎಂದು ಇಟ್ಟುಕೊಳ್ಳೋಣ. ಇಲ್ಲಿ ಹೇಳುವ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೊಮ್ಮೆ ಮಾಡಿಕೊಳ್ಳಬೇಕು. ಮನೆ ಕಟ್ಟಲು 40,000 ರೂಪಾಯಿ, ಒಂದಕ್ಕೆ 20 ರೂಪಾಯಿಯಂತೆ 250 ಟ್ರೇಗೆ 5,000, ಅಟ್ಟಣೆ, ಡ್ರಮ್ಮು, ಕೊಳವೆ, ಸಿಂಪರಣೆ ಯಂತ್ರಕ್ಕೆ 7,000, ಮೊದಲ ತಂಡದ ಖರ್ಚಿಗೆ 5,000. ಎಲ್ಲ ಸೇರಿ 57,000 ರೂಪಾಯಿ.

ಒಂದು ತಂಡಕ್ಕೆ 200 ಟ್ರೇ. ಟ್ರೇಗೆ 88 ಒಳ್ಳೆಯ ಸಸಿಯಂತೆ 17,600 ಸಸಿ. ರೈತನೇ ಬೀಜ ಕೊಟ್ಟು, ಬೆಳೆಸಿಕೊಡುವುದಕ್ಕೆ ಸಸಿಗೆ 50 ಪೈಸೆಯಂತೆ ಕೊಟ್ಟರೆ 8,800 ರೂಪಾಯಿ. ಖರ್ಚು ನೋಡಿ. 8 ಇಟ್ಟಿಗೆ ನಾರಿನ ಪುಡಿಗೆ 1,200, ಟ್ರೇ ಸವೆತಕ್ಕೆ 1,000, ಗೊಬ್ಬರ ಔಷಧಿಗೆ 500, ಬಿತ್ತಲು ಮತ್ತು ಎಣಿಸಿ ಕೊಡಲು ಐದು ಆಳಿಗೆ 2,000, ನೀರು ವಿದ್ಯುತ್ತಿಗೆ 300. ಒಟ್ಟು 5,000. ಉಳಿಯುವುದು 3,800. ವರ್ಷಕ್ಕೆ 8 ತಂಡ ನಡೆದರೆ 30,400 ರೂಪಾಯಿ. ಮನೆ ಮತ್ತು ಸಾಮಾನು ಐದು ವರ್ಷ ಬಾಳುತ್ತವೆಂದು ವರ್ಷಕ್ಕೆ 9,400 ಕಳೆದರೆ 21,000 ರೂಪಾಯಿ ಉಳಿಯುತ್ತದೆ. ಅಂದರೆ ತಿಂಗಳಿಗೆ 1,750. ದಿನಕ್ಕೆ ಎರಡು ಮೂರು ಗಂಟೆಯ ನಿಮ್ಮ ಸ್ವಂತ ದುಡಿಮೆಗೆ ಇದೇ ಕೂಲಿ. ಇದರಿಂದ ಸಂಸಾರ ನಡೆಯದು, ಪಿಂಚಣಿಯ ಮೇಲೊಂದು ಸಣ್ಣ ಆಸರೆ ಅಷ್ಟೆ. ಇದಕ್ಕಿಂತ ಹೆಚ್ಚು ಬರುತ್ತದೆಂದು ಹೇಳಿ ನಿವೃತ್ತಿಯ ಹಣದಲ್ಲಿ ದೊಡ್ಡ ಪಾಲಿಹೌಸ್ ಕಟ್ಟಿಸಲು ಯಾರಾದರೂ ಬಂದರೆ, ಇದೇ ರೀತಿ ತಂಡದ ಲೆಕ್ಕವನ್ನು ಅವರಿಂದ ಬರೆಸಿಕೊಳ್ಳಿ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಒಂದು ತಂಡದ ಸಸಿ ಎರಡು ಎಕರೆಗೆ ಸ್ವಲ್ಪ ಮೇಲೆ ಸಾಕಾಗುತ್ತದೆ. ವರ್ಷದ ಎಂಟು ತಂಡಕ್ಕೆ ಸುಮಾರು ಹದಿನೇಳು ಹದಿನೆಂಟು ಎಕರೆ ನಾಟಿ ಬೇಕು. ಎಕರೆಯಷ್ಟು ಟೊಮ್ಯಾಟೊ ಮಾಡುವ ಇಪ್ಪತ್ತು ನಂಬಿಕಸ್ಥ ರೈತರು ನಿಮಗೆ ಗೊತ್ತಿದ್ದರೆ ನಿಮ್ಮ ಮಾರುಕಟ್ಟೆ ಅಷ್ಟೇ, ಜಾಹೀರಾತು ಬೇಕಾಗಿಲ್ಲ. ಆ ಇಪ್ಪತ್ತು ಹೆಸರನ್ನು ಬರೆಯಲು ಕುಳಿತು ಹತ್ತಕ್ಕೇ ನಿಂತುಹೋದರೆ ಮನೆ ಕಟ್ಟಬೇಡಿ.

ಎರಡನೆಯದು, ಯಾರೂ ಒಯ್ಯದೆ ಉಳಿದ ತಂಡದ ಲೆಕ್ಕ. ಟೊಮ್ಯಾಟೊ ಬೆಲೆ ಬಿದ್ದ ವಾರದಲ್ಲಿ ಅಥವಾ ಕೊಳವೆಬಾವಿ ಬತ್ತಿದಾಗ ರೈತ ಸಸಿ ಬೇಡವೆನ್ನುತ್ತಾನೆ. ಒಂದು ತಂಡ ಪೂರ್ತಿ ಹೀಗೆ ಉಳಿದರೆ ಬರಬೇಕಾದ 8,800 ಹೋಗಿ ವರ್ಷದ ಉಳಿತಾಯ 12,200ಕ್ಕೆ ಇಳಿಯುತ್ತದೆ. ಎರಡು ತಂಡ ಉಳಿದರೆ 3,400 ಮಾತ್ರ. ಆದುದರಿಂದ ಬೀಜದ ಜೊತೆಯಲ್ಲೇ ಅರ್ಧ ಹಣ ಮುಂಗಡ ಪಡೆಯುವುದು ಈ ಕಸುಬಿನ ಪ್ರಾಣ. ಅರ್ಧ ಎಂದರೆ 4,400. ನಿಮ್ಮ ಖರ್ಚು 5,000. ರೈತ ಬಾರದೇ ಹೋದರೂ ಕೈಯಿಂದ ಹೋಗುವುದು 600 ರೂಪಾಯಿ ಮಾತ್ರ.

ಕೆಲವರು ಕೇಳಬಹುದು, ನಾವೇ ಬೀಜ ಕೊಂಡು ಸಸಿ ಮಾಡಿ ಮಾರಿದರೆ ಲಾಭ ಹೆಚ್ಚಲ್ಲವೇ ಎಂದು. ಅದನ್ನೂ ನೋಡೋಣ. 200 ಟ್ರೇಗೆ 19,600 ಬೀಜ. ಬೀಜಕ್ಕೆ 60 ಪೈಸೆ ಎಂದರೆ 11,760 ರೂಪಾಯಿ. ಉಳಿದ ಖರ್ಚು 5,000 ಸೇರಿ 16,760. ಸಸಿಗೆ 1 ರೂಪಾಯಿ 20 ಪೈಸೆಯಂತೆ 17,600 ಸಸಿ ಮಾರಿದರೆ 21,120. ಉಳಿಯುವುದು 4,360. ಮೊದಲಿನದಕ್ಕಿಂತ 560 ರೂಪಾಯಿ ಮಾತ್ರ ಹೆಚ್ಚು. ಆದರೆ ತಂಡ ಉಳಿದುಹೋದರೆ ನೆಲಕ್ಕೆ ಬೀಳುವುದು 5,000 ಅಲ್ಲ, 16,760. ಐನೂರರ ಆಸೆಗೆ ಹನ್ನೊಂದು ಸಾವಿರವನ್ನು ಪಣಕ್ಕಿಡುವುದು ನಿವೃತ್ತರು ಮಾಡುವ ಕೆಲಸವಲ್ಲ. ಬೀಜ ರೈತನದೇ ಆಗಿದ್ದರೆ ತನ್ನ ಬೀಜ ಹಾಳಾಗಬಾರದೆಂದು ಅವನೂ ಹೇಳಿದ ದಿನಕ್ಕೆ ಬರುತ್ತಾನೆ.

ಆರಂಭ ಹೇಗೆ

ಮೊದಲ ಹಂಗಾಮಿಗೆ 50 ಟ್ರೇ ಸಾಕು. ತಾತ್ಕಾಲಿಕವಾಗಿ ಬಿದಿರಿನ ಚಪ್ಪರ ಹಾಕಿ ಬಲೆ ಕಟ್ಟಿ, ಎರಡು ತಂಡ ಮಾಡಿ ನೋಡಿ. ಒಂದು ತಂಡವನ್ನು ಬೇಸಿಗೆಯಲ್ಲೂ ಇನ್ನೊಂದನ್ನು ಮಳೆಗಾಲದಲ್ಲೂ ಮಾಡಿದರೆ ಎರಡೂ ಕಾಲದ ತೊಂದರೆ ತಿಳಿಯುತ್ತದೆ. ಟ್ರೇಗೆ 85ಕ್ಕಿಂತ ಹೆಚ್ಚು ಒಳ್ಳೆಯ ಸಸಿ ಸಿಕ್ಕಿ, ರೈತರು ಹೇಳಿದ ದಿನಕ್ಕೆ ಬಂದು ಒಯ್ದರೆ ಮಾತ್ರ ಶಾಶ್ವತ ಮನೆಗೆ ಹಣ ಹಾಕಿ. ಅದಕ್ಕೂ ಮೊದಲು ನಿಮ್ಮ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ನರ್ಸರಿ ನೋಂದಣಿ ಮತ್ತು ಸಹಾಯಧನದ ಈಗಿನ ನಿಯಮಗಳನ್ನು ಕೇಳಿ ತಿಳಿದುಕೊಳ್ಳಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಸಿ ಬೆಳೆಸುವ ತರಬೇತಿ ಇದ್ದಾಗ ಹೋಗಿ ಟ್ರೇ ತುಂಬಿ, ಬಿತ್ತಿ ಕೈ ಪಳಗಿಸಿಕೊಳ್ಳಿ. ಔಷಧಿ ಹಾಕುವ ದಿನ ಮುಖಕ್ಕೆ ಬಟ್ಟೆ, ಕೈಗೆ ಗವಸು ಇರಲಿ. ಬೇಸಿಗೆಯ ನಡುಹಗಲಲ್ಲಿ ಹಾಳೆಯ ಮನೆಯೊಳಗಿನ ಸೆಕೆ ವಯಸ್ಸಾದವರಿಗೆ ಹಿತವಲ್ಲ. ಒಳಗಿನ ಕೆಲಸವನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ, ಮಧ್ಯಾಹ್ನ ನೀರು ಬೇಕಾದರೆ ಹೊರಗೆ ನಿಂತೇ ಕೊಳವೆಯಿಂದ ಹಾಕುವ ವ್ಯವಸ್ಥೆ ಮಾಡಿಕೊಳ್ಳಿ.

ನಾನು ಹೇಳಿದ್ದರಲ್ಲಿ ಅನುಮಾನವಿದ್ದರೆ ಈಗ ಕೇಳಬಹುದು. ಊಟದ ನಂತರ ನಮ್ಮ ಪ್ರಾಯೋಗಿಕ ನೆರಳುಮನೆಯಲ್ಲಿ ನಾರಿನ ಪುಡಿಯ ಹದ ನೋಡುವುದನ್ನೂ ಸಸಿ ಎತ್ತಿ ಬೇರು ನೋಡುವುದನ್ನೂ ಪ್ರತಿಯೊಬ್ಬರೂ ಕೈಯಾರೆ ಮಾಡಿ ನೋಡಬೇಕೆಂದು ಕೋರುತ್ತೇನೆ.